ಕೂದಲಿನ ಬುಡ ಯಾವ ಕಡೆ

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗೆ ಹೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಮಗು ಬೆಳವಣಿಗೆಯಲ್ಲಿ ಹಿಂದುಳಿಯಬಹುದಿತ್ತು. ನಡೆಯುವುದು, ಮಾತಾಡುವುದು ತಡವಾಗಬಹುದಿತ್ತು. ಕರೆದರೆ ತಿರುಗಿ ನೋಡದೆ ಇರಬಹುದಿತ್ತು. ಮಗಳಿಗೆ ಬೆರಳು ಜೋಮುಗಟ್ಟಬಹುದಿತ್ತು. ಸರ್ಕಾರಿ ಯಂತ್ರದಲ್ಲಿ ಮನೆಯ ಮಾಲು ಹಾಕಿದ್ದಕ್ಕೆ ನನ್ನ ಕೆಲಸ ಹೋಗಬಹುದಿತ್ತು. ಸೊಸೆ ಮಾಟ ಮಾಡುತ್ತಾಳೆಂದು ನಮ್ಮತ್ತೆ ಉಡುಪಿಯಲ್ಲೆಲ್ಲ ಸಾರಿಕೊಂಡು ಬರಬಹುದಿತ್ತು. ನಾನೇ ಯಂತ್ರದ ಆವಿ ಕುಡಿದು ಪ್ರಯೋಗಾಲಯದಲ್ಲಿ ಬಿದ್ದಿರಬಹುದಿತ್ತು. ಇದು ಆಗುವ ಸಂಭವ ತೀರ ಕಡಿಮೆ, ಆದರೂ ಪಟ್ಟಿಯಲ್ಲಿರಲಿ.

ಆಗ ನಾವು ಬಂಗಾಳದ ಜಾದವ್‌ಪುರದಲ್ಲಿದ್ದೆವು. ಯಜಮಾನರದು ರೈಲ್ವೆ. ನನ್ನದು ಸರ್ಕಾರದ ಆಹಾರ ಪರೀಕ್ಷೆಯ ಪ್ರಯೋಗಾಲಯ. ಹೊರದೇಶಕ್ಕೆ ಹೋಗುವ ಸೀಗಡಿ, ಮೀನಿನ ಮಾದರಿಗಳು ನಮ್ಮಲ್ಲಿಗೆ ಬರುತ್ತಿದ್ದವು, ಅವುಗಳಲ್ಲಿ ಪಾದರಸ ಎಷ್ಟಿದೆ ಎಂದು ನೋಡುವುದು ನನ್ನ ಪಾಲಿನ ಕೆಲಸ. ಮಗಳು, ಅಳಿಯ ಇಬ್ಬರೂ ಸಾಲ್ಟ್ ಲೇಕಿನ ಐಟಿ ಕಂಪನಿಗಳಲ್ಲಿದ್ದರು. ಆ ವರ್ಷಗಳಲ್ಲಿ ಅಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅವಳು ಬಸುರಿಯಾದ ಮೇಲೆ, ಅಳಿಯನ ಶಿಫ್ಟಿನ ನೆಪದಲ್ಲಿ, ನಮ್ಮ ಮನೆಗೇ ಬಂದು ಉಳಿದಳು.

ಮೊದಲ ಮೂರು ತಿಂಗಳು ಅವಳಿಗೆ ನೀರು ಕುಡಿದರೂ ವಾಂತಿ. ಅನ್ನದ ವಾಸನೆ ಬೇಡ, ಸಾಸಿವೆಯ ಒಗ್ಗರಣೆ ಬೇಡ, ಪಕ್ಕದ ಮನೆಯ ಬಂಗಾಳಿ ಬೌದಿ ಪ್ರೀತಿಯಿಂದ ಕಳಿಸಿದ ಇಲಿಶ್ ಮೀನು ಕಂಡರೆ ಓಟ. ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ಒಂದೇ: ಅಜ್ಜಿ, ಅಂದರೆ ನಮ್ಮತ್ತೆ, ಊರಿಂದ ಕಳಿಸಿದ್ದ ಒಣ ಮೀನು. ಅದನ್ನು ಹುರಿದು, ಕಾಯಿ, ಹುಣಸೆಹಣ್ಣು, ಒಣಮೆಣಸು ಹಾಕಿ ರುಬ್ಬಿದ ಚಟ್ನಿಯೊಂದಿಗೆ ಗಂಜಿ. ಬೆಳಿಗ್ಗೆ ನಾನು ಒಂಬತ್ತಕ್ಕೆ ಮನೆ ಬಿಡುವವಳು, ಕೆಲಸದವಳು ರುಬ್ಬಿಕೊಡುತ್ತಿದ್ದಳು. ಮಗಳು ಊಟ ಮಾಡುತ್ತಿದ್ದಾಳೆ ಎಂಬ ಸಂತೋಷದಲ್ಲಿ ಅದು ಯಾವ ಮೀನು ಎಂದು ನಾನು ಕೇಳಲೇ ಇಲ್ಲ. ದಿನವಿಡೀ ಬೇರೆಯವರ ಮೀನನ್ನು ವಿಚಾರಿಸುವವಳು ನಾನು.

ಒಂದು ಭಾನುವಾರ ಡಬ್ಬದ ತಳ ಕಂಡಾಗ ಚೂರುಗಳ ನಡುವೆ ಒಂದು ಬಿಳಿ ಬಿಲ್ಲೆ ಸಿಕ್ಕಿತು. ಸೋಡಾ ಬಾಟಲಿಯ ಮುಚ್ಚಳದಷ್ಟು ಅಗಲ. ಕಿಟಕಿಯ ಬೆಳಕಿಗೆ ಹಿಡಿದೆ. ಮರ ಕೊಯ್ದರೆ ಕಾಣುವಂಥ ಉಂಗುರಗಳು, ಒಂದರೊಳಗೊಂದು, ಒತ್ತೊತ್ತಾಗಿ. ಅದು ತಾಟೆ ಮೀನಿನ, ಅಂದರೆ ಶಾರ್ಕಿನ, ಬೆನ್ನೆಲುಬಿನ ಗಂಟು. ಉಂಗುರಗಳು ಅದರ ವಯಸ್ಸು. ಎಣಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ನನ್ನ ಅಡುಗೆಮನೆಯಲ್ಲಿ ಆ ಪ್ರಾಣಿ ಬಂದು ನಿಂತಂತಾಯಿತು.

ಊರಿಗೆ ಫೋನು ಮಾಡಿದೆ.

"ಅತ್ತೆ, ಮೀನು ಯಾವುದು ಕಳಿಸಿದ್ದು?"

"ತಾಟೆ ಅಲ್ವಾ ಮಾರಾಯ್ತಿ. ಬಸುರಿಗೂ ಆಯ್ತು, ಬಾಣಂತಿಗೂ ಆಯ್ತು. ತಾಟೆ ತಿಂದ್ರೆ ಹಾಲು ಧಾರೆ ಬರ್ತದೆ. ನಿಂಗೂ ನಾನು ಮಾಡಿ ಹಾಕ್ಲಿಲ್ವಾ?"

"ನೀವು ಹಾಕಿದ್ದು ಮರಿ. ಕೈಯುದ್ದದ್ದು. ಇದು ದೊಡ್ಡದು."

"ಹೌದು, ಈ ಸಲ ಮರಿ ಸಿಕ್ಕಿದ್ದಿಲ್ಲ. ಸಂತೆಯಲ್ಲಿ ಕೊಯ್ದು ಒಣಗ್ಸಿದ್ದು ಇತ್ತು. ದೊಡ್ಡದಾದ್ರೆ ಒಳ್ಳೇದೇ ಅಲ್ವಾ? ಕಂಜೂಸು ಮಾಡ್ಲಿಲ್ಲ ನಾನು."

ಹಿರಿಯ ಮೀನು, ಹೆಚ್ಚು ಪ್ರೀತಿ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸಮುದ್ರದ ಲೆಕ್ಕ ಬೇರೆ.

ಆ ಲೆಕ್ಕ ಹೀಗೆ. ಕಲ್ಲಿದ್ದಲ ಹೊಗೆಯಿಂದ, ಇನ್ನೂ ಎಲ್ಲೆಲ್ಲಿಂದಲೋ ಬಂದು ನೀರಿಗೆ ಬಿದ್ದ ಪಾದರಸವನ್ನು, ಉಸಿರಾಡಲು ಗಾಳಿಯಿಲ್ಲದ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೇರೊಂದು ರೂಪಕ್ಕೆ ತಿರುಗಿಸುತ್ತವೆ. ಅದಕ್ಕೆ ಮಿಥೈಲ್ ಪಾದರಸವೆಂದು ಹೆಸರು. ಅದು ಪಾಚಿಗೆ ಹೋಗುತ್ತದೆ, ಪಾಚಿ ತಿಂದ ಹುಳುವಿಗೆ, ಹುಳು ತಿಂದ ಮರಿಮೀನಿಗೆ, ಮರಿಮೀನು ತಿಂದ ಮೀನಿಗೆ. ಹೊಕ್ಕದ್ದು ಬೇಗ ಹೊರಗೆ ಹೋಗುವುದಿಲ್ಲ. ಮಾಂಸಖಂಡಕ್ಕೆ ಅಂಟಿಕೊಂಡು ಕೂರುತ್ತದೆ. ತಿಂದವನು ತಿನ್ನಿಸಿಕೊಂಡವನ ಇಡೀ ಬದುಕಿನ ಗಂಟನ್ನು ಹೊರುತ್ತಾನೆ. ಸಾವಿರಾರು ಗಂಟುಗಳು ಒಂದೇ ಬೆನ್ನಿನ ಮೇಲೆ ಬಿದ್ದಾಗ ಅದು ಕತ್ತಿಮೀನು, ಅದು ದೊಡ್ಡ ಶಾರ್ಕ್. ಮೇಲಾಗಿ ಅವು ನಿಧಾನ ಬೆಳೆಯುತ್ತವೆ, ಬಹಳ ವರ್ಷ ಬದುಕುತ್ತವೆ, ಬದುಕಿದಷ್ಟೂ ಕೂಡಿಸುತ್ತವೆ. ನಮ್ಮ ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಿಗೆ ಅಷ್ಟು ಆಯುಷ್ಯವೂ ಇಲ್ಲ, ಅಷ್ಟು ದೊಡ್ಡ ಬೇಟೆಯೂ ಇಲ್ಲ. ತೊಳೆದರೆ ಹೋಗುವುದಿಲ್ಲ, ಬೇಯಿಸಿದರೆ ಹೋಗುವುದಿಲ್ಲ. ಒಣಗಿಸಿದರೆ ನೀರು ಹೋಗುತ್ತದೆ, ಅದು ಉಳಿಯುತ್ತದೆ. ಹಾಗಾಗಿ ಒಣ ಮೀನಿನ ಒಂದು ಚೂರಿನಲ್ಲಿ ಹಸಿ ಮೀನಿನ ಎಷ್ಟೋ ಚೂರುಗಳ ಪಾಲಿರುತ್ತದೆ. ರುಚಿ ಇಲ್ಲ, ವಾಸನೆ ಇಲ್ಲ. ಬಸುರಿಯಲ್ಲಿ ಅದು ಮಾಸನ್ನು ದಾಟಿ ಮಗುವಿನ ರಕ್ತ ಸೇರುತ್ತದೆ, ತಾಯಿಯಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಅಲ್ಲಿ ನಿಲ್ಲುತ್ತದೆ. ಮಿದುಳು ಕಟ್ಟುತ್ತಿರುವ ಹೊತ್ತಿನಲ್ಲಿ.

ಚಟ್ನಿ ಅಂದೇ ನಿಂತಿತು. ಮಗಳು ಅತ್ತಳು, ಆಮೇಲೆ ಅವಳ ವಾಂತಿಯೂ ತಾನಾಗಿ ನಿಂತಿತು. ಡಬ್ಬದಲ್ಲಿ ಉಳಿದ ಚೂರನ್ನು ನಾನು ಪ್ರಯೋಗಾಲಯಕ್ಕೆ ಒಯ್ದೆ.

ನಮ್ಮ ವಿಭಾಗದ ಮುಖ್ಯಸ್ಥರು ಬಂಗಾಳಿ. ನಿವೃತ್ತಿಗೆ ಹತ್ತಿರವಾಗಿದ್ದರು, ನಾನು ದಾದಾ ಎನ್ನುತ್ತಿದ್ದೆ. ಅನುಮತಿ ಕೇಳಿದೆ.

"ದೀದಿ, ಮಾದರಿಯ ಹೆಸರೇನು ಬರೆಯೋಣ?"

"ಒಣ ಶಾರ್ಕ್. ಮೂಲ: ಅತ್ತೆ."

"ಅಪಾಯಕಾರಿ ಮೂಲ," ಎಂದರು ಗಂಭೀರವಾಗಿ. "ಹಾಕಿ. ಆದರೆ ಕಚೇರಿಯ ಕೆಲಸ ಮುಗಿದ ಮೇಲೆ."

ದೊಡ್ಡ ಬೇಟೆಗಾರ ಮೀನುಗಳಿಗೆ ಹೊರದೇಶದವರು ಇಟ್ಟಿದ್ದ ಮಿತಿ ಕಿಲೋಗೆ ಒಂದು ಮಿಲಿಗ್ರಾಂ. ಒಣಗುವಾಗ ಹೋದ ನೀರಿನ ಲೆಕ್ಕ ಕಳೆದ ಮೇಲೂ ಅತ್ತೆಯ ಶಾರ್ಕ್ ಅದನ್ನು ಆರಾಮವಾಗಿ ದಾಟಿತು. ದಾದಾ ನಗಲಿಲ್ಲ. "ಜನ ನಮ್ಮ ಭೇರಿಯ ರುಯಿ ಮೀನನ್ನು ಕೊಳಚೆ ನೀರಿನದು ಎಂದು ಮೂಗು ಮುಚ್ಚುತ್ತಾರೆ," ಎಂದರು. ಭೇರಿಗಳೆಂದರೆ ನಗರದ ಪೂರ್ವಕ್ಕಿರುವ, ಊರಿನ ಚರಂಡಿ ನೀರು ಹರಿಯುವ ಮೀನಿನ ಕೆರೆಗಳು. "ಪಾದರಸದ ಮಟ್ಟಿಗೆ ಅದು ಎಷ್ಟೋ ಹಗುರ. ಹಸಿರು ತಿನ್ನುತ್ತದೆ, ಬೇಗ ಬೆಳೆಯುತ್ತದೆ, ವಿಷ ಕೂಡಿಸುವ ಮುಂಚೆಯೇ ತಟ್ಟೆಗೆ ಬರುತ್ತದೆ. ನೀಲಿ ಸಮುದ್ರದಿಂದ ಬಂದದ್ದನ್ನು ನೋಡಿ, ಎಷ್ಟು ಶುಭ್ರ."

ಅಂದು ಶೀತಕೋಣೆಯಲ್ಲಿ ಒಂದು ಕತ್ತಿಮೀನಿನ ತಲೆಯಿತ್ತು. ಮಾದರಿಯ ಜೊತೆ ಯಾರೋ ತಲೆಯನ್ನೂ ಕಳಿಸಿದ್ದರು. ಬಟ್ಟಲಿನಷ್ಟು ದೊಡ್ಡ ಕಣ್ಣು, ಹಿಮದ ಪೊರೆಯ ಕೆಳಗೆ. ನಾನು ಬಾಗಿಲು ಹಾಕುವಾಗ ಅದು ನೋಡುತ್ತಿರುವಂತೆ ಅನಿಸಿತು. ಬಾಗಿಲು ಹಾಕಿದ ಮೇಲೂ ಅನಿಸಿತು.

ಡಾಕ್ಟರು ಭಯ ಬೇಡ ಎಂದರು, ನಿಲ್ಲಿಸಿದ್ದೀರಲ್ಲ ಎಂದರು, ಮುಂದಿನ ಬಸುರಿಯನ್ನು ಕರೆದರು. ನನಗೆ ಭಯ ಬೇಡ ಎಂದವರನ್ನು ಕಂಡರೆ ಮೊದಲಿಂದಲೂ ಭಯ. ನಾಲ್ಕು ತಿಂಗಳು ಹೀಗೆಯೇ ತಳ್ಳಿದೆ. ಸೀಮಂತ ಹತ್ತಿರ ಬಂತು. ಅತ್ತೆ ಹೌರಾ ನಿಲ್ದಾಣದಲ್ಲಿ ಇಳಿದರು. ಅವರ ಚೀಲದಲ್ಲಿ, ಅವಲಕ್ಕಿಯ ಕೆಳಗೆ, ಹಳೆಯ ಸೀರೆಯಲ್ಲಿ ಸುತ್ತಿದ ಇನ್ನೊಂದು ಗಂಟು ಒಣ ತಾಟೆ.

"ಅತ್ತೆ, ಬೇಡ ಅಂದಿದ್ದೆನಲ್ಲ!"

"ಇದು ಬಾಣಂತನಕ್ಕೆ. ಆಗ ಬಸುರಿಗೆ ಬೇಡ ಅಂದದ್ದು ನೀನು. ಬಾಣಂತಿಗೆ ಬೇಡ ಅಂದ್ಯಾ?"

ಗಂಟನ್ನು ಅಲ್ಮಾರದ ನೆತ್ತಿಗೇರಿಸಿದೆ. ಮನೆಯ ತುಂಬ ಅದರ ವಾಸನೆ. ಮಗಳು ನಡುಮನೆಗೆ ಬಂದವಳು ನಿಂತು ಮೂಗರಳಿಸಿ, "ವಾವ್, ಅಜ್ಜೀ," ಎಂದಳು. ಆ ಮುಖ ನೋಡಿ ನನ್ನೊಳಗಿನ ಚಿಂತೆಗೆ ಹೊಸ ಕಾಲುಗಳು ಬಂದವು.

ರಕ್ತ ಇವತ್ತಿನ ಮಾತು ಹೇಳುತ್ತದೆ. ಕೂದಲು ಹಳೆಯದನ್ನೂ ಹೇಳುತ್ತದೆ. ತಲೆಯಿಂದ ಹೊರಬರುವಾಗ ಅಂದಿನ ರಕ್ತದಲ್ಲಿದ್ದ ಪಾದರಸ ಕೂದಲೊಳಗೆ ಸೇರಿ ಅಲ್ಲಿಯೇ ಉಳಿಯುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಬುಡದ ಸೆಂಟಿಮೀಟರು ಈ ತಿಂಗಳು, ಅದರ ಮುಂದಿನದು ಹೋದ ತಿಂಗಳು. ಮೈಯಲ್ಲಿರುವ ಪಾದರಸ ಸರಿಸುಮಾರು ಎರಡು ತಿಂಗಳಿಗೆ ಅರ್ಧವಾಗುತ್ತದೆ. ಚಟ್ನಿ ನಿಜವಾಗಿ ನಿಂತಿದ್ದರೆ ಬುಡದ ಕಡೆಗೆ ಬಂದಂತೆ ಇಳಿಯಬೇಕು. ಎಷ್ಟೆತ್ತರದಿಂದ ಇಳಿಯಿತು ಎಂಬುದೂ ಗೊತ್ತಾಗಬೇಕು. ಮಗುವಿನ ಪಾಲಿಗೆ ಎಷ್ಟು ಹೋಗಿರಬಹುದು ಎಂದು ನನಗೆ ಬೇರೆ ಯಾರೂ ಹೇಳುವಂತಿರಲಿಲ್ಲ.

ಭಾನುವಾರ ಮಧ್ಯಾಹ್ನ, ಎಣ್ಣೆ ಹಚ್ಚಿಕೊಡುತ್ತೇನೆಂದು ಮಗಳನ್ನು ಕೂರಿಸಿದೆ.

"ಅಮ್ಮಾ, ಕೈಯಲ್ಲಿ ಎಣ್ಣೆ ಇಲ್ಲ. ಸಿಸರ್ಸ್ ಇದೆ."

"ಒಂದೇ ಒಂದು ಎಳೆ. ಹಿಂದೆ, ಕತ್ತಿನ ಮೇಲೆ. ಯಾರಿಗೂ ಕಾಣಲ್ಲ."

"ನನ್ನ ಕೂದಲನ್ನೂ ಟೆಸ್ಟ್ ಮಾಡ್ತೀಯಾ? ನಾನೇನು ಎಕ್ಸ್‌ಪೋರ್ಟ್ ಆಗ್ತಿದೀನಾ?"

ನಕ್ಕಳು, ಕತ್ತು ಬಾಗಿಸಿ ಕೊಟ್ಟಳು. ಪೆನ್ಸಿಲ್ ದಪ್ಪದ ಒಂದು ಕಂತೆಯನ್ನು ತಲೆಯ ಚರ್ಮಕ್ಕೆ ತಾಗಿಸಿ ಕತ್ತರಿಸಿದೆ. ಬುಡದ ತುದಿಗೆ ಕೆಂಪು ದಾರ ಬಿಗಿದು ಕಟ್ಟಿದೆ. ಕಟ್ಟದಿದ್ದರೆ ಬುಡ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ದಾರದಿಂದ ಐದು ಸೆಂಟಿಮೀಟರಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿ ಎಸೆದೆ. ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದು, ಅದೇ ಶಾರ್ಕಿನ ಬಿಲ್ಲೆಯಿದ್ದ ಪುಟ್ಟ ಡಬ್ಬಿಯಲ್ಲಿಟ್ಟು, ಆಫೀಸಿನ ಚೀಲಕ್ಕೆ ಹಾಕಿದೆ. ಬಿಲ್ಲೆಯನ್ನು ದಾದಾಗೆ ತೋರಿಸುವುದಿತ್ತು. ಬಸುರಿ ಹೆಂಗಸಿನ ಕೂದಲು, ಕೆಂಪು ದಾರ, ಮೂಳೆ: ಈ ಮೂರನ್ನು ಒಂದೇ ಡಬ್ಬಿಯಲ್ಲಿಟ್ಟರೆ ನೋಡಿದವರಿಗೆ ಏನು ಕಾಣುತ್ತದೆ ಎಂಬುದು, ಎಲ್ಲವನ್ನೂ ಮುಂಚಿತವಾಗಿ ಚಿಂತಿಸುವ ನನಗೆ ಹೊಳೆಯಲೇ ಇಲ್ಲ.

ಸೋಮವಾರ ಕಂತೆಯನ್ನು ದಾರ ಬಿಚ್ಚದೆ ಉದ್ದಕ್ಕೆ ಎರಡು ಪಾಲು ಮಾಡಿದೆ. ಒಂದು ಪಾಲು ಹಾಗೆಯೇ ಉಳಿಯಿತು. ಇನ್ನೊಂದನ್ನು ದಾರದ ಕಡೆಯಿಂದ ಐದು ತುಂಡು ಮಾಡಿ, ತೊಳೆದು, ಆಮ್ಲದಲ್ಲಿ ಕರಗಿಸಿದೆ. ಮಧ್ಯಾಹ್ನ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು. ಬಂದಾಗ ಯಂತ್ರದ ದೀಪ ಹತ್ತಿಸಿದೆ. ಆ ದೀಪದೊಳಗೆ ಇರುವುದೂ ಪಾದರಸವೇ. ಕರಗಿದ ಮಾದರಿಗೆ ತವರದ ಲವಣ ಬೆರೆಸಿದರೆ ಪಾದರಸ ಆವಿಯಾಗಿ ಏಳುತ್ತದೆ. ಗಾಳಿ ಅದನ್ನು ಒಂದು ಗಾಜಿನ ಕೊಳವೆಗೆ ಒಯ್ಯುತ್ತದೆ. ದೀಪದ ಬೆಳಕನ್ನು ಆ ಆವಿ ನುಂಗುತ್ತದೆ. ಎಷ್ಟು ನುಂಗಿತೋ ಅಷ್ಟು ಪಾದರಸ. ಕೊಳವೆಯಲ್ಲಿ ಏನೂ ಕಾಣುವುದಿಲ್ಲ. ದೀಪ ತನ್ನವರನ್ನು ಮಾತ್ರ ಗುರುತಿಸಿ ಮಂಕಾಗುತ್ತದೆ.

ಮೊದಲು ಬರಿಯ ನೀರು ಓಡಿಸಿದೆ. ಸೊನ್ನೆ. ಹಿಂದಿನ ಮೀನಿನದೇನೂ ಕೊಳವೆಯಲ್ಲಿ ಉಳಿದಿಲ್ಲ. ಆಮೇಲೆ ಹಳೆಯ ತಿಂಗಳಿಂದ ಶುರು ಮಾಡಿದೆ: ದಾರದಿಂದ ದೂರದ ತುಂಡು. ಸೂಜಿ ಸ್ವಲ್ಪ ಎದ್ದು ಕೂತಿತು. ಎರಡನೆಯದಕ್ಕೆ ಇನ್ನೂ ಸ್ವಲ್ಪ ಎದ್ದಿತು. ಮೂರನೆಯದಕ್ಕೆ ಇನ್ನೂ ಮೇಲೆ. ನಾಲ್ಕು. ಐದು. ದಾರಕ್ಕೆ ಅಂಟಿದ್ದ ತುಂಡಿನಲ್ಲಿ, ಅಂದರೆ ಈ ತಿಂಗಳಿನದರಲ್ಲಿ, ಎಲ್ಲಕ್ಕಿಂತ ಹೆಚ್ಚು.

ಮತ್ತೆ ನೀರು. ಸೊನ್ನೆ. ಮತ್ತೆ ಐದೂ. ಅದೇ ಮೆಟ್ಟಿಲು.

ಚಟ್ನಿ ನಿಂತು ನಾಲ್ಕು ತಿಂಗಳಾಗಿತ್ತು. ಆದರೂ ನನ್ನ ಮಗಳೊಳಗೆ ಪಾದರಸ ಏರುತ್ತಿತ್ತು. ಮನೆಯಲ್ಲಿ ತಿನ್ನುತ್ತಿದ್ದದ್ದು ಬೇಳೆ, ಸೊಪ್ಪು, ಸಣ್ಣ ರುಯಿ. ಅವುಗಳಿಂದ ಹೀಗೆ ಏರುವುದಿಲ್ಲ. ಹೊರಗೆ ಮಳೆ ಹಿಡಿದುಕೊಂಡಿತ್ತು. ಆ ಹಳೆಯ ಕಟ್ಟಡದಲ್ಲಿ ನಾನೊಬ್ಬಳೇ ಇದ್ದಂತೆ, ಯಾವುದೋ ಮುದಿ ಪ್ರಾಣಿ ಅವಳ ರಕ್ತದಲ್ಲಿ ಇನ್ನೂ ಈಜುತ್ತ ಬೆಳೆಯುತ್ತಿರುವಂತೆ ಅನಿಸಿತು. ಪ್ರೇತ ನಂಬುವವರಿಗೆ ಒಂದು ಅನುಕೂಲ ಇದೆ, ಅವರಿಗೆ ಮಂತ್ರವೂ ಗೊತ್ತಿರುತ್ತದೆ. ನನಗೆ ಗೊತ್ತಿದ್ದದ್ದು ಮೂರನೆಯ ಬಾರಿ ಓಡಿಸುವುದು. ಓಡಿಸಿದೆ. ಅದೇ.

ಉಳಿದ ಅರ್ಧ ಕಂತೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಬಂದೆ. ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ.

"ನಿಜ ಹೇಳು. ಆ ಮೀನು ಇನ್ನೂ ತಿನ್ನುತ್ತಿದ್ದೀಯಾ?"

ಮಗಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. "ಯಾವ ಮೀನು?"

"ಆಫೀಸಿನಲ್ಲಿ ಇಟ್ಟುಕೊಂಡಿದ್ದೀಯಾ? ಬೈಯಲ್ಲ. ಹೇಳು."

"ಅಮ್ಮಾ, ನೀನು ಬೇಡ ಅಂದೆ, ನಾನು ಬಿಟ್ಟೆ. ಫೋರ್ ಮಂತ್ಸ್. ಒಂದ್ ಪೀಸೂ ಇಲ್ಲ."

"ಕೂದಲು ಬೇರೆ ಹೇಳುತ್ತಿದೆ."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ನಿಧಾನವಾಗಿ, "ನಾನು ಹೇಳ್ತಿದೀನಿ. ಕೂದಲು ಹೇಳ್ತಿದೆ. ನಿನಗೆ ಕೂದಲು ಕರೆಕ್ಟ್," ಎಂದಳು. "ಇದು ನನ್ನ ಬೇಬಿ ಅಮ್ಮಾ. ನಾನು ಕದ್ದು ತಿಂತೀನಾ?"

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.

"ಯಾವ ಕೂದ್ಲು?" ಎಂದರು. "ಆ ಡಬ್ಬಿಯದ್ದಾ?"

"ನೀವು ಡಬ್ಬಿ ನೋಡಿದ್ರಾ?"

"ನಿನ್ನೆ ರಾತ್ರಿ ಸೇಫ್ಟಿ ಪಿನ್ನು ಹುಡುಕಿದ್ದು ಮಾರಾಯ್ತಿ, ಮತ್ತೆಂತದ್ದಕ್ಕೂ ಅಲ್ಲ. ತೆಗ್ದು ನೋಡ್ತೇನೆ, ದೇವ್ರೇ, ಹುಡುಗಿಯ ಕೂದ್ಲು! ಕೆಂಪು ದಾರ! ಎಲುಬು! ಯಾರೋ ನಿನ್ನ ಚೀಲದಲ್ಲಿ ಮಾಟ ಮಾಡಿ ಹಾಕಿದ್ದಾರೆ ಅಂತ ನನ್ನ ಕೈಕಾಲು ಬಿದ್ದುಹೋಯ್ತು. ಮಾಟದ ಗಂಟು ಕಂಡವ್ರು ಬಿಚ್ಬೇಕು, ಇಲ್ಲದಿದ್ರೆ ಹಿಡೀತದೆ."

"ಬಿಚ್ಚಿದ್ರಾ?"

"ಬಿಚ್ಚಿ ಮೂರು ಸಲ ಉಗ್ದೆ. ಕೂದ್ಲಿಗಲ್ಲ, ಆಚೆ. ಬಿಸಾಡುವಾಗ ಕಾಗದ ಕಂಡ್ತು, ನಿನ್ನದೇ ಅಕ್ಷರ. ಅಯ್ಯೋ, ಇದು ಸೊಸೆಯದ್ದೇ ಎಂತದೋ ಅಂತ ಮತ್ತೆ ಕಟ್ಟಿಟ್ಟೆ. ಕೇಳ್ಲಿಕ್ಕೆ ಹೆದ್ರಿಕೆ ಆಯ್ತು."

"ಯಾವ ತುದಿಗೆ ಕಟ್ಟಿದ್ರಿ ಅತ್ತೆ?"

"ತುದಿಗೆ. ಕೂದ್ಲಿಗೆ ಎರಡೂ ತುದಿಯೇ ಅಲ್ವಾ?"

ನಾನು ನೆಲದ ಮೇಲೆಯೇ ಕೂತೆ. ಉಳಿದ ಕಂತೆಯಿಂದ ಒಂದು ಕೂದಲು ಎಳೆದು, ಎರಡು ಬೆರಳ ನಡುವೆ ಉದ್ದಕ್ಕೆ ಹಿಡಿದು, ಹಿಂದೆ ಮುಂದೆ ಉಜ್ಜಿದೆ. ಕೂದಲಿನ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ, ಅವುಗಳ ಅಂಚು ತುದಿಯ ಕಡೆಗೆ ಮುಖ ಮಾಡಿರುತ್ತದೆ. ಹಾಗಾಗಿ ಉಜ್ಜಿದರೆ ಅದು ಬುಡದ ದಿಕ್ಕಿಗೆ ಮಾತ್ರ ಜಾರುತ್ತದೆ. ಅತ್ತೆ ಬಗ್ಗಿ ನೋಡುತ್ತಿದ್ದರು. ಬೆರಳ ನಡುವಿನಿಂದ ಆ ಕೂದಲು, ಯಾರೂ ಎಳೆಯದೆ, ತಾನೇ ಹರಿದು ಹೊರಬಂತು. ದಾರವಿದ್ದ ಕಡೆಗಲ್ಲ, ಇನ್ನೊಂದು ಕಡೆಗೆ.

"ಜೀವ ಉಂಟಾ ಅದಕ್ಕೆ?" ಎಂದು ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

ಇನ್ನೊಂದು ಕೂದಲು ಉಜ್ಜಿದೆ. ಮತ್ತೊಂದು. ಎಲ್ಲವೂ ದಾರದಿಂದ ದೂರಕ್ಕೇ ತೆವಳಿದವು. ನನಗೆ ಮೈ ಜುಮ್ಮೆಂದಿತು, ಅಳುವೂ ಬಂತು, ಎರಡೂ ಒಟ್ಟಿಗೆ. ಬುಡ ಆ ಕಡೆಗಿತ್ತು. ನಾನು ಈ ತಿಂಗಳೆಂದು ಓದಿದ್ದು ಚಟ್ನಿಯ ತಿಂಗಳು. ಏರಿದ್ದೆಂದು ಕಂಡದ್ದೆಲ್ಲ ಇಳಿದದ್ದು.

ಮರುದಿನ ಉಳಿದ ಪಾಲನ್ನೂ ಸರಿಯಾದ ಕಡೆಯಿಂದ ಓಡಿಸಿದೆ. ಎರಡು ತಿಂಗಳಿಗೆ ಹೆಚ್ಚುಕಡಿಮೆ ಅರ್ಧ, ಮತ್ತೆ ಅರ್ಧ, ಪುಸ್ತಕದಲ್ಲಿರುವ ಹಾಗೆ. ಅತಿ ಎತ್ತರದ ತುಂಡೂ ಹೆದರಬೇಕಾದ ಮಟ್ಟಕ್ಕಿಂತ ಕೆಳಗೇ ಇತ್ತು. ಪುಣ್ಯಕ್ಕೆ ವಾಂತಿಯ ಹುಡುಗಿ ತಿಂದದ್ದು ಬೆರಳ ತುದಿಯಷ್ಟು ಚಟ್ನಿ. ದಾದಾ ಕಾಗದ ನೋಡಿ, "ದೀದಿ, ನಿಮ್ಮತ್ತೆಯನ್ನು ನಮ್ಮ ವಿಭಾಗಕ್ಕೆ ತೆಗೆದುಕೊಳ್ಳೋಣವೇ? ಮೂರು ಸಲ ಉಗುಳಿದರೆ ಯಂತ್ರದ ತೊಂದರೆಗಳೂ ಹೋಗಬಹುದು," ಎಂದರು.

ಅಲ್ಮಾರದ ಮೇಲಿನ ಗಂಟಿನ ಬಗ್ಗೆ ಅತ್ತೆಗೆ ನಾನು ಮಿಥೈಲ್ ಪಾದರಸದ ಪಾಠ ಮಾಡಲಿಲ್ಲ. "ದೊಡ್ಡ ತಾಟೆ ಬಹಳ ವರ್ಷ ಬದುಕಿ ಬಹಳ ಜೀವ ತಿಂದಿರ್ತದೆ ಅತ್ತೆ. ಅದೆಲ್ಲ ಅದರ ಮೈಯಲ್ಲೇ ಇರ್ತದೆ, ಹೋಗುವುದಿಲ್ಲ," ಎಂದೆ ಅಷ್ಟೆ. ಅವರು ಕುರ್ಚಿ ಎಳೆದು ಅಲ್ಮಾರದ ಬಳಿ ಹಾಕಿದರು. "ಹಾಗೆ ಮೊದ್ಲೇ ಹೇಳ್ಬಾರ್ದಾ," ಎಂದು ತಾವೇ ಇಳಿಸಿ, ಕಾಗದ ಸುತ್ತಿ, ಕೈಗೆ ತಾಗದಂತೆ ಹಿಡಿದು ಕಸಕ್ಕೆ ಹಾಕಿ ಬಂದು ಕೈಕಾಲು ತೊಳೆದರು. ಬಾಣಂತನಕ್ಕೆ ಬೂತಾಯಿ ಸಾರು ಆಯಿತು, ಗರಿಯಾಹಾಟಿನ ಮಾರುಕಟ್ಟೆಯಲ್ಲಿ ಸಿಕ್ಕ, ಅದನ್ನು ಹೋಲುವ ಯಾವುದೋ ಸಣ್ಣ ಮೀನಿನಿಂದ.

ಮಗು ಹುಟ್ಟಿತು. ಕರೆದರೆ ತಿರುಗಿತು, ಹೊತ್ತಿಗೆ ಸರಿಯಾಗಿ ನಡೆಯಿತು. ಮಾತು ಬಂದ ಮೇಲೆ ಮೂರು ಭಾಷೆಯಲ್ಲಿ ಎದುರುತ್ತರ ಕೊಡುತ್ತದೆ. ನನ್ನ ಕೆಲಸ ಹೋಗಲಿಲ್ಲ. ಉಡುಪಿಯಲ್ಲಿ ನನ್ನ ಹೆಸರು ಕೆಡಲಿಲ್ಲ.

ಮಗಳಿಗೆ ಅಂದೇ ಕ್ಷಮೆ ಕೇಳಿದ್ದೆ. "ಇಟ್ಸ್ ಓಕೆ ಅಮ್ಮಾ," ಎಂದಿದ್ದಳು, ತಬ್ಬಿಕೊಂಡೂ ಇದ್ದಳು. ಆಮೇಲೆ ಅವರು ರಾಜಾರ್‌ಹಾಟಿನ ಕಡೆ ಹೊಸ ಫ್ಲಾಟಿಗೆ ಹೋದರು. ಈಗಲೂ ದಿನಾ ಸಂಜೆ ಫೋನು ಮಾಡುತ್ತಾಳೆ. ಆಫೀಸು, ಮಗು, ಟ್ರಾಫಿಕ್ಕು ಎಲ್ಲ ಹೇಳುತ್ತಾಳೆ. ಊಟಕ್ಕೆ ಏನು ಮಾಡಿದೆ ಎಂದು ನಾನು ಕೇಳಿದರೆ ಮಾತ್ರ ಒಂದೇ ಮಾತಲ್ಲಿ, "ಸಾಂಬಾರ್, ಅಮ್ಮಾ," ಎನ್ನುತ್ತಾಳೆ. ದಿನಾ ಸಾಂಬಾರೇ.